ಒಂದೇ ಫೋಟೋದಲ್ಲಿ ಎರಡು ಜಾಲರಿ: ‘ಈ ಮನುಷ್ಯ ಬೇರೆ ಚಿತ್ರದಿಂದ ಬಂದವನು’ ಎಂದು ತಜ್ಞರು ಹೇಗೆ ಹೇಳುತ್ತಾರೆ?

ಜಮೀನಿನ ದಾವೆ ಅಂದರೆ ಪಹಣಿ, ಕ್ರಯಪತ್ರ, ಸರ್ವೆ ನಕ್ಷೆ ಇಷ್ಟೇ ಎಂದುಕೊಂಡಿದ್ದ ಕಾಲ ಹೋಯಿತು. ಈಗ ಕಡತದಲ್ಲಿ ಫೋಟೋ ಕೂಡ ಇರುತ್ತದೆ. ಕರಾರಿನ ದಿನ ಎಲ್ಲರೂ ಕೂತಿದ್ದ ಫೋಟೋ, ಬದು ಒಡೆದ ಫೋಟೋ, ಹಣ ಕೈಗೆ ಕೊಟ್ಟ ಫೋಟೋ. ಎದುರು ಪಕ್ಷದವರು ‘ಅಲ್ಲಿ ನಾನಿರಲೇ ಇಲ್ಲ, ನನ್ನನ್ನ ತಂದು ಅಂಟಿಸಿದ್ದಾರೆ’ ಅಂದರೆ ವಿಷಯ ತಜ್ಞರ ಕೈಗೆ ಹೋಗುತ್ತದೆ. ಅಲ್ಲಿಂದ ಬರುವ ವರದಿಯಲ್ಲಿ ‘ಕಲರ್ ಫಿಲ್ಟರ್ ಅರೇ’, ‘ಡಿಮೊಸೇಯಿಕಿಂಗ್ ಅಸಂಗತತೆ’ ಅಂತ ಒಂದೆರಡು ಸಾಲು, ಜೊತೆಗೆ ಕೆಂಪು ನೀಲಿ ಬಣ್ಣ ಬಳಿದ ಒಂದು ನಕ್ಷೆ. ಕಕ್ಷಿದಾರರಿಗೆ ಅರ್ಥವಾಗುವುದಿಲ್ಲ. ಎಷ್ಟೋ ಸಲ ವಕೀಲರಿಗೂ ಅಷ್ಟೇ.

ಮನೆ ಜಮೀನು ಹೋಗುವುದೋ ಉಳಿಯುವುದೋ ಆ ಎರಡು ಸಾಲಿನ ಮೇಲೆ ನಿಂತಿರುವಾಗ, ಅದು ಏನು ಹೇಳುತ್ತದೆ, ಅದಕ್ಕಿಂತ ಮುಖ್ಯವಾಗಿ ಏನು ಹೇಳುವುದಿಲ್ಲ ಅನ್ನುವುದು ಗೊತ್ತಿರಲೇಬೇಕು. ಬುಡದಿಂದ ನೋಡೋಣ.

## ಕ್ಯಾಮೆರಾ ಅಳೆಯುವುದು ಮೂರರಲ್ಲಿ ಒಂದು ಪಾಲು ಮಾತ್ರ

ಫೋಟೋ ಅಂದರೆ ಪಿಕ್ಸೆಲ್ ಎಂಬ ಚಿಕ್ಕ ಚಿಕ್ಕ ಚುಕ್ಕಿಗಳ ರಾಶಿ. ಒಂದೊಂದು ಚುಕ್ಕಿಗೂ ಮೂರು ಸಂಖ್ಯೆ ಇರುತ್ತವೆ. ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಅಂತ. ಸಾಮಾನ್ಯ ಫೋಟೋದಲ್ಲಿ ಪ್ರತಿ ಸಂಖ್ಯೆ 0ರಿಂದ 255ರವರೆಗೆ ಹೋಗುತ್ತದೆ.

ಆದರೆ ಕ್ಯಾಮೆರಾದೊಳಗಿನ ಸೆನ್ಸರ್‌ಗೆ ಬಣ್ಣವೇ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಬೆಳಕು ಎಷ್ಟು ಬಿತ್ತು ಅನ್ನುವುದು ಮಾತ್ರ. ಅದಕ್ಕೇ ಸೆನ್ಸರ್‌ನ ಒಂದೊಂದು ಚುಕ್ಕಿಯ ಮೇಲೂ ಒಂದೊಂದು ಬಣ್ಣದ ಗಾಜಿನಂಥ ಪದರ ಕೂರಿಸುತ್ತಾರೆ. ಕೆಂಪು ಪದರದ ಕೆಳಗಿನ ಚುಕ್ಕಿ ಕೆಂಪು ಬೆಳಕನ್ನಷ್ಟೇ ಅಳೆಯುತ್ತದೆ, ಹಸಿರಿನ ಕೆಳಗಿನದು ಹಸಿರನ್ನಷ್ಟೇ. ಈ ಪದರಗಳ ಜೋಡಣೆಗೇ ಕಲರ್ ಫಿಲ್ಟರ್ ಅರೇ ಅಂತ ಹೆಸರು. ಎಲ್ಲಕ್ಕಿಂತ ಜಾಸ್ತಿ ಬಳಕೆಯಲ್ಲಿರುವ ಜೋಡಣೆಯನ್ನು ಕೊಡ್ಯಾಕ್ ಕಂಪನಿಯ ಬ್ರೈಸ್ ಬೇಯರ್ ರೂಪಿಸಿದರು, 1976ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ನಾಲ್ಕು ಚುಕ್ಕಿಯ ಒಂದು ಪುಟ್ಟ ಚೌಕ, ಅದೇ ಚೌಕ ಇಡೀ ಸೆನ್ಸರ್ ತುಂಬಾ ಮತ್ತೆ ಮತ್ತೆ:

```
ಕೆಂ  ಹ   ಕೆಂ  ಹ
ಹ   ನೀ   ಹ   ನೀ
ಕೆಂ  ಹ   ಕೆಂ  ಹ
ಹ   ನೀ   ಹ   ನೀ
```

ಹಸಿರು ಎರಡು ಪಾಲು ಇದೆ, ಗಮನಿಸಿ. ನಮ್ಮ ಕಣ್ಣು ಹೊಳಪಿನ ಸೂಕ್ಷ್ಮ ವ್ಯತ್ಯಾಸವನ್ನು ಹೆಚ್ಚಾಗಿ ಹಸಿರಿನ ಆಸುಪಾಸಿನ ಬೆಳಕಿನಲ್ಲೇ ಹಿಡಿಯುವುದರಿಂದ ಹೀಗೆ ಮಾಡಿದ್ದಾರೆ.

ಈಗ ಲೆಕ್ಕ ನೋಡಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 2.4 ಕೋಟಿ ಚುಕ್ಕಿಗಳಿವೆ, ಒಂದೊಂದೂ ಅಳೆದದ್ದು ಒಂದೊಂದೇ ಸಂಖ್ಯೆ. ಆದರೆ ಹೊರಬರುವ ಫೋಟೋದಲ್ಲಿ ಚುಕ್ಕಿಗೆ ಮೂರರಂತೆ 7.2 ಕೋಟಿ ಸಂಖ್ಯೆಗಳಿರುತ್ತವೆ. ಉಳಿದ 4.8 ಕೋಟಿ ಎಲ್ಲಿಂದ ಬಂದವು? ಕ್ಯಾಮೆರಾದೊಳಗಿನ ಚಿಪ್ ಅಕ್ಕಪಕ್ಕದ ಚುಕ್ಕಿಗಳನ್ನು ನೋಡಿ ಲೆಕ್ಕ ಹಾಕಿ ತುಂಬಿದೆ. ಈ ತುಂಬುವ ಕೆಲಸವೇ ಡಿಮೊಸೇಯಿಕಿಂಗ್. ಅಂದರೆ ಯಾವುದೇ ಅಸಲಿ ಫೋಟೋದಲ್ಲೂ ಮೂರರಲ್ಲಿ ಎರಡು ಪಾಲು ಸಂಖ್ಯೆಗಳು ಅಳೆದವಲ್ಲ, ಲೆಕ್ಕ ಹಾಕಿದವು. ಅದರಲ್ಲಿ ಮೋಸ ಏನೂ ಇಲ್ಲ, ಕ್ಯಾಮೆರಾ ಇರುವುದೇ ಹಾಗೆ.

## ಲೆಕ್ಕ ಹಾಕಿದ ಚುಕ್ಕಿ ಹೇಗೆ ಸಿಕ್ಕಿಬೀಳುತ್ತದೆ

ಹಸಿರನ್ನು ಮಾತ್ರ ತೆಗೆದುಕೊಳ್ಳೋಣ. ಕೆಂಪು ಪದರದ ಕೆಳಗಿರುವ ಒಂದು ಚುಕ್ಕಿಗೆ ಹಸಿರು ಎಷ್ಟು ಅಂತ ಗೊತ್ತಿಲ್ಲ. ಅದರ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಇರುವ ನಾಲ್ಕೂ ಹಸಿರು ಅಳೆದ ಚುಕ್ಕಿಗಳೇ. ಅವು 118, 122, 120, 124 ಅಂತ ಇಟ್ಟುಕೊಳ್ಳಿ. ಕೂಡಿದರೆ 484, ನಾಲ್ಕರಿಂದ ಭಾಗಿಸಿದರೆ 121. ಕ್ಯಾಮೆರಾ ಅಲ್ಲಿ 121 ಎಂದು ಬರೆಯುತ್ತದೆ. ಇದು ತೀರಾ ಸರಳ ವಿಧಾನ. ಇವತ್ತಿನ ಕ್ಯಾಮೆರಾಗಳು ಅಂಚು ಯಾವ ಕಡೆಗೆ ಓಡುತ್ತಿದೆ ಎಂದು ನೋಡಿ ಆ ದಿಕ್ಕಿಗೆ ಹೆಚ್ಚು ತೂಕ ಕೊಡುತ್ತವೆ. ಆದರೂ ಕೆಲಸದ ಸ್ವಭಾವ ಬದಲಾಗುವುದಿಲ್ಲ, ಅಕ್ಕಪಕ್ಕದವರ ನಡುವಿನ ಒಂದು ಬೆಲೆ ಸಿಗುತ್ತದೆ.

ಈಗ ತಜ್ಞರು ಏನು ಮಾಡುತ್ತಾರೆ ಅಂದರೆ, ಕ್ಯಾಮೆರಾ ಮಾಡಿದ್ದನ್ನೇ ಇನ್ನೊಮ್ಮೆ ಮಾಡುತ್ತಾರೆ. ಫೋಟೋದ ಪ್ರತಿ ಚುಕ್ಕಿಯಲ್ಲೂ ಅದರ ನಾಲ್ಕು ನೆರೆಯ ಹಸಿರು ಬೆಲೆಗಳ ಸರಾಸರಿ ತೆಗೆದು, ಅಲ್ಲಿ ನಿಜವಾಗಿ ಇರುವ ಬೆಲೆಯಿಂದ ಕಳೆಯುತ್ತಾರೆ. ನಾವು ನೋಡಿದ ಚುಕ್ಕಿಯಲ್ಲಿ ಸರಾಸರಿ 121, ಇರುವುದೂ 121, ವ್ಯತ್ಯಾಸ ಸೊನ್ನೆ. ಪಕ್ಕದಲ್ಲೇ ಇರುವ, ಹಸಿರನ್ನು ನಿಜವಾಗಿ ಅಳೆದ ಚುಕ್ಕಿಯನ್ನು ನೋಡಿ. ಅದರ ಬೆಲೆ 124. ಸುತ್ತಲಿನ ನಾಲ್ಕೂ ಲೆಕ್ಕ ಹಾಕಿದವು: 121, 119, 120, 122. ಸರಾಸರಿ 120.5, ವ್ಯತ್ಯಾಸ 3.5.

ಹೀಗಾಗುವುದಕ್ಕೆ ಕಾರಣ ಸರಳ. ಅಳೆದ ಬೆಲೆಯಲ್ಲಿ ನಿಜವಾದ ಬೆಳಕಿನ ಏರಿಳಿತ ಇರುತ್ತದೆ, ಸೆನ್ಸರ್‌ನ ಸದ್ದು, ಅಂದರೆ ಅಳತೆಯಲ್ಲಿ ತಾನಾಗೇ ನುಸುಳುವ ಸಣ್ಣ ಏರುಪೇರು ಕೂಡ ಸೇರಿರುತ್ತದೆ. ಹಾಗಾಗಿ ಅದು ನೆರೆಯವರಿಗಿಂತ ಒಂಚೂರು ಎದ್ದು ನಿಲ್ಲುತ್ತದೆ. ಸರಾಸರಿಯಿಂದ ಹುಟ್ಟಿದ್ದು ಯಾವತ್ತೂ ಎದ್ದು ನಿಲ್ಲುವುದಿಲ್ಲ, ನೆರೆಯವರ ನಡುವೆಯೇ ಕೂರುತ್ತದೆ. ಒಂದು ಚುಕ್ಕಿ ನೋಡಿ ಏನೂ ಹೇಳಲಾಗದು. ಸಾವಿರಾರು ಚುಕ್ಕಿ ನೋಡಿದರೆ ಒಂದು ಬಿಟ್ಟು ಒಂದು, ಒಂದು ಬಿಟ್ಟು ಒಂದು, ಚದುರಂಗದ ಹಾಸಿನ ಹಾಗೆ ‘ಅಳೆದದ್ದು, ಲೆಕ್ಕದ್ದು’ ಎಂಬ ಜಾಲರಿ ಎದ್ದುಬರುತ್ತದೆ. ಕಣ್ಣಿಗೆ ಕಾಣದು, ಲೆಕ್ಕಕ್ಕೆ ಕಾಣುತ್ತದೆ.

ಈ ಗುರುತನ್ನು ನಕಲಿ ಹಿಡಿಯಲು ಬಳಸಬಹುದು ಎಂದು ಅಲಿನ್ ಪೊಪೆಸ್ಕು ಮತ್ತು ಹ್ಯಾನಿ ಫರೀದ್ 2005ರಲ್ಲಿ ತೋರಿಸಿದರು. ಚಿತ್ರದ ಸಣ್ಣ ಸಣ್ಣ ಭಾಗಗಳಲ್ಲೂ ಇದನ್ನು ಬಿಡಿಯಾಗಿ ಅಳೆಯುವ ವಿಧಾನವನ್ನು ಇಟಲಿಯ ಫೆರಾರ, ಬಿಯಾಂಕಿ, ಡೆ ರೋಸ ಮತ್ತು ಪಿವ 2012ರಲ್ಲಿ ಪ್ರಕಟಿಸಿದರು. ನಾನು ಇಲ್ಲಿ ವಿವರಿಸುತ್ತಿರುವುದು ಹೆಚ್ಚುಕಡಿಮೆ ಈ ಎರಡನೆಯ ದಾರಿಯನ್ನೇ. ಅವರ ಅಳತೆ ಇಷ್ಟು: ಒಂದು ಪುಟ್ಟ ತುಂಡಿನಲ್ಲಿ ಅಳೆದ ಚುಕ್ಕಿಗಳ ವ್ಯತ್ಯಾಸ ಎಷ್ಟು ಏರಿಳಿಯುತ್ತದೆ ನೋಡಿ, ಲೆಕ್ಕದ ಚುಕ್ಕಿಗಳದ್ದು ಎಷ್ಟು ನೋಡಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಸ್ವಾಭಾವಿಕ ಲಾಗ್ ತೆಗೆಯಿರಿ. ಅಳೆದದ್ದರಲ್ಲಿ 4, ಲೆಕ್ಕದ್ದರಲ್ಲಿ 0.5 ಇದ್ದರೆ ಅನುಪಾತ 8, ಅದರ ಲಾಗ್ ಸುಮಾರು 2. ಜಾಲರಿ ಗಟ್ಟಿಯಾಗಿದ್ದರೆ ಸೊನ್ನೆಗಿಂತ ಸಾಕಷ್ಟು ಮೇಲೆ, ಜಾಲರಿಯೇ ಇಲ್ಲದಿದ್ದರೆ ಸೊನ್ನೆಯ ಹತ್ತಿರ.

## ತೇಪೆ ಹಾಕಿದರೆ ಏನಾಗುತ್ತದೆ

ಚೌಕುಳಿ ಲುಂಗಿ ಹರಿದಿದೆ ಅಂತ ಅದೇ ಬಣ್ಣದ ಇನ್ನೊಂದು ಚೌಕುಳಿ ಬಟ್ಟೆ ತಂದು ತೇಪೆ ಹಾಕಿದಿರಿ ಎಂದುಕೊಳ್ಳಿ. ಬಣ್ಣ ಹೊಂದಬಹುದು, ನೂಲು ಹೊಂದಬಹುದು. ಆದರೆ ಹೊಲಿಗೆಯ ಈ ಕಡೆಯ ಗೆರೆ ಆ ಕಡೆಯ ಗೆರೆಗೆ ಸರಿಯಾಗಿ ಕೂಡಬೇಕಾದರೆ ಹೊಲಿಯುವವರು ಜಾಲರಿ ನೋಡಿಕೊಂಡು ಕೂರಿಸಬೇಕು. ಫೋಟೋದಲ್ಲಿ ಈ ಗೆರೆಗಳು ಅಂಟಿಸುವವರ ಕಣ್ಣಿಗೆ ಕಾಣುವುದೇ ಇಲ್ಲ. ಅವರು ಮನುಷ್ಯನ ಕಾಲು ನೆಲಕ್ಕೆ ತಾಗಿತಾ, ನೆರಳು ಸರಿ ಇದೆಯಾ ಅಂತ ನೋಡುತ್ತಾರೆ ಅಷ್ಟೇ.

ಹೀಗಾಗಿ ಅಂಟಿಸಿದ ಭಾಗದ ಜಾಲರಿ ಒಂದು ಪಿಕ್ಸೆಲ್ ಅತ್ತಲೋ ಇತ್ತಲೋ ಸರಿದು ಕೂತಿರಬಹುದು. ಆಗ ಉಳಿದ ಚಿತ್ರದ ಲೆಕ್ಕದಲ್ಲಿ ‘ಅಳೆದದ್ದು’ ಆಗಿರಬೇಕಾದ ಜಾಗದಲ್ಲಿ ಲೆಕ್ಕದ ಚುಕ್ಕಿ, ಲೆಕ್ಕದ್ದು ಇರಬೇಕಾದ ಕಡೆ ಅಳೆದ ಚುಕ್ಕಿ ಇರುತ್ತದೆ. ಅನುಪಾತ ತಲೆಕೆಳಗಾಗುತ್ತದೆ. 8 ಇರಬೇಕಾದಲ್ಲಿ ಎಂಟನೇ ಒಂದು ಬರುತ್ತದೆ, ಲಾಗ್ +2 ಇರಬೇಕಾದಲ್ಲಿ −2. ಇನ್ನೊಂದು ಸಾಧ್ಯತೆಯೂ ಇದೆ. ಅಂಟಿಸುವಾಗ ಮನುಷ್ಯನನ್ನು ಸ್ವಲ್ಪ ಚಿಕ್ಕದು ಮಾಡಿದ್ದರೆ ಅಥವಾ ತಿರುಗಿಸಿದ್ದರೆ ಎಲ್ಲ ಚುಕ್ಕಿಗಳೂ ಹೊಸದಾಗಿ ಲೆಕ್ಕಕ್ಕೆ ಒಳಗಾಗಿ ಹಳೆಯ ಜಾಲರಿ ಕಲಸಿಹೋಗುತ್ತದೆ, ಸಂಖ್ಯೆ ಸೊನ್ನೆಯ ಹತ್ತಿರ ಬರುತ್ತದೆ.

ಅದೃಷ್ಟದ ಮಾತೂ ಇದೆ, ಇದನ್ನು ವರದಿಗಳಲ್ಲಿ ಬಹಳ ಸಲ ಬಿಟ್ಟುಬಿಡುತ್ತಾರೆ. ಹಸಿರಿನ ಜಾಲರಿ ಚದುರಂಗದ ಹಾಸಿನಂತೆ ಇರುವುದರಿಂದ ಅದು ಕೂರುವ ರೀತಿ ಎರಡೇ. ಅಳತೆ ಬದಲಿಸದೆ ಸುಮ್ನೆ ಎತ್ತಿ ಅಂಟಿಸಿದರೆ ಅರ್ಧ ಸಲ ಹಸಿರಿನ ಗೆರೆ ತಾನಾಗೇ ಕೂಡಿಬಿಡುತ್ತದೆ. ಅಂಥ ಸಂದರ್ಭದಲ್ಲಿ ಕೆಂಪು ಮತ್ತು ನೀಲಿಯ ಜಾಲರಿ ನೋಡಬೇಕು, ಉಳಿದದ್ದರಲ್ಲಿ ಅರ್ಧ ಅಲ್ಲಿ ಸಿಗುತ್ತದೆ. ಮೂರೂ ಬಣ್ಣ ಸೇರಿಸಿದರೂ ನಾಲ್ಕರಲ್ಲಿ ಒಂದು ಪಾಲು ತೇಪೆ ಪೂರ್ತಿ ಹೊಂದಿಕೊಂಡೇ ಕೂತುಬಿಡುತ್ತದೆ, ಜಾಲರಿ ಸರಿದಿದೆಯಾ ಅಂತ ನೋಡುವ ಈ ಪರೀಕ್ಷೆಗೆ ಸಿಗುವುದೇ ಇಲ್ಲ. ಆದ್ದರಿಂದ ‘ಜಾಲರಿ ಒಂದೇ ಥರ ಇದೆ, ಫೋಟೋ ಅಸಲಿ’ ಅನ್ನುವ ತೀರ್ಮಾನಕ್ಕೆ ಆಧಾರವೇ ಇಲ್ಲ.

## ಆಲೆಮನೆ ಮುಂದಿನ ಫೋಟೋ

ಒಂದು ಪ್ರಸಂಗ ಕಟ್ಟಿಕೊಂಡು ನೋಡೋಣ. ಇದು ನಡೆದ ಕೇಸ್ ಅಲ್ಲ, ಅಂಕಿಗಳೂ ವಿವರಣೆಗಾಗಿ ಹಾಕಿಕೊಂಡವೇ. ಪಾಂಡವಪುರದ ಕಡೆ ನಾಲೆ ಪಕ್ಕದ ಗದ್ದೆ. ಕ್ರಯದ ಕರಾರು ಆಯಿತು, ಎಲ್ಲರ ಎದುರಿಗೆ ಆಯಿತು ಎನ್ನುತ್ತಾರೆ ವಾದಿ. ಸಾಕ್ಷಿಯಾಗಿ ಆಲೆಮನೆ ಮುಂದೆ ಮಂಚದ ಮೇಲೆ ಐದು ಜನ ಕೂತಿರುವ ಫೋಟೋ ಕೊಟ್ಟಿದ್ದಾರೆ. ಊರಿನ ಸ್ಟುಡಿಯೋದವರ ಡಿಎಸ್‌ಎಲ್‌ಆರ್‌ನಲ್ಲಿ ತೆಗೆದದ್ದು, ಅಗಲ 6000 ಪಿಕ್ಸೆಲ್, ಎತ್ತರ 4000. ಐದನೆಯವರೇ ಪ್ರತಿವಾದಿ. ‘ಅವತ್ತು ನಾನು ಮೈಸೂರಿನಲ್ಲಿದ್ದೆ’ ಎನ್ನುತ್ತಾರೆ.

ಫೋಟೋದ ಪ್ರಿಂಟ್ ತಂದುಕೊಟ್ಟರೆ ಈ ಪರೀಕ್ಷೆ ಶುರುವೇ ಆಗುವುದಿಲ್ಲ. ಕ್ಯಾಮೆರಾದ ಮೆಮೊರಿ ಕಾರ್ಡ್‌ನಲ್ಲೋ ಸ್ಟುಡಿಯೋ ಕಂಪ್ಯೂಟರ್‌ನಲ್ಲೋ ಇರುವ ಫೈಲೇ ಬೇಕು. ಸಿಕ್ಕಿತು ಎಂದುಕೊಳ್ಳೋಣ. ತಜ್ಞರು ಮೊದಲು ಫೈಲಿನ ಹ್ಯಾಶ್, ಅಂದರೆ ಫೈಲಿನ ಬೆರಳಚ್ಚಿನಂಥ ಒಂದು ಸಂಖ್ಯೆ, ತೆಗೆದು ಬರೆದಿಡುತ್ತಾರೆ, ಆಮೇಲೆ ನಕಲಿನ ಮೇಲೆ ಕೆಲಸ ಮಾಡುತ್ತಾರೆ. ಮುಂದಿನ ಹೆಜ್ಜೆ ಬಹಳ ಮುಖ್ಯ: ಅದೇ ಕ್ಯಾಮೆರಾದಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ಹೊಸದಾಗಿ ಕೆಲವು ಫೋಟೋ ತೆಗೆಯುತ್ತಾರೆ. ಗೋಡೆ, ಗಿಡ, ಮನುಷ್ಯರ ಮುಖ, ಬಿಸಿಲು, ನೆರಳು ಎಲ್ಲವೂ ಇರುವಂಥವು. ಆ ಕ್ಯಾಮೆರಾದ ಅಸಲಿ ಫೋಟೋದಲ್ಲಿ ಈ ಸಂಖ್ಯೆ ಸಾಮಾನ್ಯವಾಗಿ ಎಷ್ಟಿರುತ್ತದೆ, ಎಲ್ಲೆಲ್ಲಿ ಇಳಿಯುತ್ತದೆ ಎಂದು ತಿಳಿಯುವುದು ಇಲ್ಲೇ. ಈ ಹೆಜ್ಜೆ ಇಲ್ಲದ ವರದಿ ನನ್ನ ಮಟ್ಟಿಗೆ ಅರ್ಧ ವರದಿ.

ಈಗ ವಿವಾದದ ಫೋಟೋದ ಒಂದೊಂದು ತುಂಡಿಗೂ ಈ ಲಾಗ್ ಸಂಖ್ಯೆ ಹಾಕಿದ ನಕ್ಷೆ ನೋಡೋಣ. ಆಲೆಮನೆಯ ಇಟ್ಟಿಗೆ ಗೋಡೆಯಲ್ಲಿ +2.1. ಮಂಚದ ಹಗ್ಗದಲ್ಲಿ +1.6. ಮೊದಲ ನಾಲ್ವರ ಮುಖ, ಕೈಗಳಲ್ಲಿ +1.7ರಿಂದ +2ರವರೆಗೆ. ಹೊಸದಾಗಿ ತೆಗೆದ ಫೋಟೋಗಳಲ್ಲೂ ಹೀಗೇ ಬಂದಿತ್ತು. ಐದನೆಯವರ ಮುಖಕ್ಕೆ ಬಂದಾಗ −1.9. ಕೈಗಳಲ್ಲಿ −1.8, ಹೆಗಲ ಮೇಲಿನ ಹಸಿರು ಟವೆಲ್‌ನಲ್ಲಿ −1.7.

ಆದರೆ ಅವರ ಬಿಳಿ ಅಂಗಿಯಲ್ಲಿ ಸೊನ್ನೆ! ಮುಖ ಕೈಗಳಲ್ಲಿ ಜಾಲರಿ ತಿರುಗಿದೆ, ಅಂಗಿಯಲ್ಲಿ ಜಾಲರಿಯೇ ಇಲ್ಲ. ಇದನ್ನು ನೋಡಿದ ಕೂಡಲೇ ‘ಅಂಗಿ ಮೂರನೆಯ ಕಡೆಯಿಂದ ಬಂದಿದೆ’ ಎಂದು ಯಾರಾದರೂ ಹೇಳಿಬಿಡಬಹುದು. ಉಳಿದ ನಾಲ್ವರನ್ನು ನೋಡಿ. ಅವರಲ್ಲಿ ಮೂವರು ಬಿಳಿ ಅಂಗಿಯವರೇ, ಅವರ ಅಂಗಿಯಲ್ಲೂ ಸೊನ್ನೆಯೇ ಬಂದಿದೆ. ಕಾರಣ ಬಿಸಿಲು. ಮಧ್ಯಾಹ್ನದ ಬಿಸಿಲಿಗೆ ಬಿಳಿ ಬಟ್ಟೆ ಪೂರ್ತಿ ಬೆಳ್ಳಗಾಗಿ ಎಲ್ಲ ಚುಕ್ಕಿಗಳೂ 255ಕ್ಕೆ ಮುಟ್ಟಿ ನಿಂತಿವೆ. ಅಳೆದದ್ದೂ 255, ಲೆಕ್ಕದ್ದೂ 255, ಎರಡರಲ್ಲೂ ಏರಿಳಿತ ಇಲ್ಲ. ಅಲ್ಲಿ ಪರೀಕ್ಷೆಗೆ ಹೇಳಲು ಏನೂ ಇಲ್ಲ. ನಮ್ಮ ಕಡೆಯ ಗುಂಪು ಫೋಟೋಗಳಲ್ಲಿ ಬಿಳಿ ಅಂಗಿ ಬಿಳಿ ಪಂಚೆಯೇ ಜಾಸ್ತಿ ಅಲ್ವಾ, ಅದಕ್ಕೇ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಒಬ್ಬರ ಅಂಗಿಯನ್ನು ಗೋಡೆಗೆ ಹೋಲಿಸಬಾರದು, ಇನ್ನೊಬ್ಬರ ಅಂಗಿಗೆ ಹೋಲಿಸಬೇಕು. ಮುಖವನ್ನು ಮುಖಕ್ಕೆ, ನೆರಳನ್ನು ನೆರಳಿಗೆ.

ಇಲ್ಲಿ ತೂಕ ಇರುವುದು ಸೊನ್ನೆಗಲ್ಲ, ಆ ಮೈನಸ್ ಸಂಖ್ಯೆಗೆ. ಫೈಲನ್ನು ಮತ್ತೆ ಮತ್ತೆ ಸೇವ್ ಮಾಡಿದರೂ, ಬೆಳಕು ಏರಿಸಿದರೂ, ಬಣ್ಣ ತಿದ್ದಿದರೂ ಜಾಲರಿ ಮಸುಕಾಗುತ್ತದೆ, ಸಂಖ್ಯೆ ಸೊನ್ನೆಯ ಕಡೆಗೆ ಜಾರುತ್ತದೆ. ಒಬ್ಬ ಮನುಷ್ಯನ ಮೈಯುದ್ದಕ್ಕೂ ಅದು ಸೊನ್ನೆ ದಾಟಿ ಅಷ್ಟೇ ಗಟ್ಟಿಯಾಗಿ ಆ ಕಡೆಗೆ ಹೋಗುವುದಿಲ್ಲ. ಜಾಲರಿ ತಲೆಕೆಳಗಾಗಬೇಕಾದರೆ ಆ ಭಾಗ ತನ್ನ ಜಾಗದಿಂದ ಕದಲಿರಬೇಕು.

## ಸೊನ್ನೆ ಬಂದ ಕಡೆ ಅವಸರ ಬೇಡ

ಮುಖದಲ್ಲಿ −1.9ರ ಬದಲು ಸೊನ್ನೆ ಬಂದಿದ್ದರೆ? ಆಗ ಕತೆ ಬೇರೆ. ದೊಡ್ಡದು ಚಿಕ್ಕದು ಮಾಡಿ ಅಂಟಿಸಿದ ಮುಖದಲ್ಲಿ ಸೊನ್ನೆ ಬರುತ್ತದೆ, ಸರಿ. ಆದರೆ ಸ್ಟುಡಿಯೋದವರು ಮೊಡವೆ ತೆಗೆದು ಮುಖ ನುಣುಪು ಮಾಡಿದ್ದರೂ ಸೊನ್ನೆಯೇ ಬರುತ್ತದೆ. ಹಣ ಕೊಟ್ಟವರ ಮುಖ ಚೆನ್ನಾಗಿ ಕಾಣಲಿ ಅಂತ ಮಾಡುವ ಕೆಲಸ ಅದು, ಮೋಸಕ್ಕಲ್ಲ. ಮಸುಕಾದ ಹಿನ್ನೆಲೆ, ಕಡುಗಪ್ಪು ನೆರಳು, ಚಪ್ಪಟೆ ಆಕಾಶ, ಇಲ್ಲೆಲ್ಲ ಸಂಖ್ಯೆ ತಾನಾಗೇ ಇಳಿಯುತ್ತದೆ. ಕಬ್ಬಿನ ಗರಿಯಂಥ ಒತ್ತಾದ ಗೆರೆಗಳಿರುವ ಕಡೆ ಇನ್ನೊಂದು ತೊಂದರೆ: ಅಲ್ಲಿ ಎರಡೂ ಬಗೆಯ ಚುಕ್ಕಿಗಳಲ್ಲಿ ವ್ಯತ್ಯಾಸ ದೊಡ್ಡದಾಗಿ ಜಾಲರಿ ಮುಳುಗಿಹೋಗುತ್ತದೆ, ಸಂಖ್ಯೆ ಎತ್ತೆತ್ತಲೋ ಹಾರುತ್ತದೆ.

ಭಾಗದ ಗಾತ್ರವೂ ಲೆಕ್ಕಕ್ಕೆ ಬರುತ್ತದೆ. ಐದಾರು ಚುಕ್ಕಿ ನೋಡಿ ಏರಿಳಿತ ಅಳೆದರೆ ಅದು ಕಾಕತಾಳೀಯವೂ ಆಗಬಹುದು. ನೂರಾರು ಚುಕ್ಕಿ ಸೇರಿದರೆ ಸಂಖ್ಯೆ ನಿಲ್ಲುತ್ತದೆ. ನಮ್ಮ ಫೋಟೋದ ಐದನೆಯವರು ಸುಮಾರು 700 ಪಿಕ್ಸೆಲ್ ಅಗಲ, 1500 ಎತ್ತರ ಇದ್ದಾರೆ, ಅಳೆಯಲು ಧಾರಾಳ ಜಾಗ. ಜಾತ್ರೆಯ ಗುಂಪಿನಲ್ಲಿ 20 ಪಿಕ್ಸೆಲ್ ಅಗಲದ ಒಂದು ತಲೆಯ ಬಗ್ಗೆ ಇದೇ ವಿಶ್ವಾಸದಿಂದ ಮಾತಾಡಲಾಗದು.

## ಹಾಗಾದರೆ ಬೇರೆ ಕ್ಯಾಮೆರಾದಿಂದ ಬಂದದ್ದಾ?

ವರದಿಗಳು ಜಾರುವ ಜಾಗ ಇದು. ‘ಈ ಎರಡು ಭಾಗಗಳು ಬೇರೆ ಬೇರೆ ಮೂಲದಿಂದ ಬಂದಿವೆ’ ಎಂದು ಬರೆದಿರುತ್ತದೆ, ಓದಿದವರು ‘ಬೇರೆ ಕ್ಯಾಮೆರಾ’ ಎಂದುಕೊಳ್ಳುತ್ತಾರೆ. ಜಾಲರಿಯ ಪರೀಕ್ಷೆ ಹೇಳುವುದು ಅದಲ್ಲ. ಈ ಭಾಗ, ಈಗ ಇರುವ ಜಾಗದಲ್ಲೇ ಇದ್ದುಕೊಂಡು, ಉಳಿದ ಚಿತ್ರದ ಜೊತೆಗೇ ಒಂದೇ ಸಲ ಡಿಮೊಸೇಯಿಕಿಂಗ್ ಆಗಿಲ್ಲ, ಅಷ್ಟೇ ಅದು ಹೇಳುವ ಮಾತು.

ಆಲೆಮನೆಯ ಫೋಟೋಗೇ ಬನ್ನಿ. ಅದೇ ಸ್ಟುಡಿಯೋದವರು ಎರಡು ತಿಂಗಳ ಹಿಂದೆ ಒಂದು ಮದುವೆಗೆ ಅದೇ ಕ್ಯಾಮೆರಾ ಹಿಡಿದು ಹೋಗಿದ್ದರು, ಪ್ರತಿವಾದಿ ಆ ಮದುವೆಯಲ್ಲಿ ಊಟದ ಮನೆ ಹೊರಗೆ ಕೂತಿದ್ದರು, ಅವರನ್ನು ಅಲ್ಲಿಂದ ಕತ್ತರಿಸಿ ತಂದದ್ದು ಎಂದುಕೊಳ್ಳಿ. ಕ್ಯಾಮೆರಾ ಒಂದೇ, ಬೇಯರ್ ಜೋಡಣೆ ಒಂದೇ, ಚಿಪ್‌ನ ಲೆಕ್ಕ ಒಂದೇ. ಆದರೂ −1.9 ಬರುತ್ತದೆ, ಯಾಕೆಂದರೆ ಮದುವೆ ಫೋಟೋದಲ್ಲಿ ಅವರಿದ್ದ ಜಾಗಕ್ಕೂ ಇಲ್ಲಿ ಕೂರಿಸಿದ ಜಾಗಕ್ಕೂ ಪಿಕ್ಸೆಲ್ ಲೆಕ್ಕದಲ್ಲಿ ಬೆಸ ಸಂಖ್ಯೆಯ ಅಂತರ ಬಿದ್ದಿದೆ. ಅಷ್ಟೇ ಏಕೆ, ಅದೇ ಫೋಟೋದಲ್ಲಿ ಎಡಗಡೆ ಕೂತಿದ್ದವರನ್ನು ಕತ್ತರಿಸಿ ಬಲಕ್ಕೆ ಸರಿಸಿದ್ದರೂ ಹೀಗೇ ಬರಬಹುದು. ಆಗ ಮನುಷ್ಯ ಅಲ್ಲಿ ನಿಜವಾಗಿ ಇದ್ದವನೇ! ‘ತಂದು ಅಂಟಿಸಿದ್ದು’ ಅನ್ನುವುದಕ್ಕೂ ‘ಸರಿಸಿದ್ದು’ ಅನ್ನುವುದಕ್ಕೂ ದಾವೆಯಲ್ಲಿ ಭೂಮಿ ಆಕಾಶದ ಅಂತರ ಇದೆ, ಜಾಲರಿ ಒಂದರಿಂದಲೇ ಅವೆರಡನ್ನು ಬೇರೆ ಮಾಡಲಾಗದು.

ಕ್ಯಾಮೆರಾ ಯಾವುದು ಅನ್ನುವುದಕ್ಕೆ ಬೇರೆಯದೇ ಪರೀಕ್ಷೆ ಇದೆ. ತಯಾರಾಗುವಾಗಿನ ಸಣ್ಣಪುಟ್ಟ ಏರುಪೇರಿನಿಂದ ಪ್ರತಿ ಸೆನ್ಸರ್‌ಗೂ ತನ್ನದೇ ಆದ ಒಂದು ಸದ್ದಿನ ಗುರುತು ಇರುತ್ತದೆ, ಅದನ್ನು ಲುಕಾಶ್, ಫ್ರಿಡ್ರಿಚ್ ಮತ್ತು ಗೋಲ್ಯಾನ್ 2006ರಲ್ಲಿ ವಿವರಿಸಿದರು. ಐದನೆಯವರ ಭಾಗದಲ್ಲಿರುವ ಆ ಗುರುತು ಇದೇ ಸೆನ್ಸರ್‌ನ ಇನ್ನೊಂದು ಜಾಗದ ಗುರುತಿಗೆ ಹೊಂದಿದರೆ, ಕ್ಯಾಮೆರಾ ಅದೇ, ಜಾಗ ಮಾತ್ರ ಬೇರೆ ಎಂದು ಹೇಳುವುದಕ್ಕೆ ಆಧಾರ ಸಿಗುತ್ತದೆ. ಎರಡೂ ಪರೀಕ್ಷೆ ಮಾಡಿದವರ ಮಾತು ಒಂದನ್ನೇ ಮಾಡಿದವರ ಮಾತಿಗಿಂತ ಗಟ್ಟಿ.

## ವಾಟ್ಸಾಪ್ ಫೋಟೋ, ಫೋನಿನ ಫೋಟೋ

ಹಸಿರು ಜಾಲರಿ ಅಂದರೆ ಒಂದು ಬಿಟ್ಟು ಒಂದು ಚುಕ್ಕಿಯ ಏರಿಳಿತ. ಚಿತ್ರದಲ್ಲಿ ಇದಕ್ಕಿಂತ ಸೂಕ್ಷ್ಮವಾದ ಏರಿಳಿತ ಇರುವುದಕ್ಕೇ ಸಾಧ್ಯವಿಲ್ಲ. ಜೆಪೆಗ್ ಮಾಡುವಾಗ ಫೈಲ್ ಚಿಕ್ಕದಾಗಲಿ ಅಂತ ಮೊದಲು ಎಸೆಯುವುದೇ ಇಂಥ ಸೂಕ್ಷ್ಮವನ್ನು. ಕೆಂಪು ನೀಲಿಯ ಗತಿ ಇನ್ನೂ ಕಷ್ಟ, ಸಾಮಾನ್ಯವಾಗಿ ಬಣ್ಣದ ಮಾಹಿತಿಯನ್ನು ಅಗಲದಲ್ಲೂ ಎತ್ತರದಲ್ಲೂ ಅರ್ಧಕ್ಕೆ ಇಳಿಸಿಯೇ ಉಳಿಸುತ್ತಾರೆ. ಕ್ಯಾಮೆರಾ ಮೇಲ್ಮಟ್ಟದ ಗುಣಮಟ್ಟದಲ್ಲಿ ಉಳಿಸಿದ ಫೈಲಿನಲ್ಲಿ ಹಸಿರು ಜಾಲರಿ ಬದುಕಿರುತ್ತದೆ. ವಾಟ್ಸಾಪ್‌ನಲ್ಲಿ ಸಾಮಾನ್ಯ ರೀತಿಯಲ್ಲಿ ಕಳಿಸಿದ ಫೋಟೋವನ್ನು ಅದು ಚಿಕ್ಕದು ಮಾಡಿ, ಮತ್ತೆ ಒತ್ತಿ ಕಳಿಸುತ್ತದೆ. ಚಿಕ್ಕದು ಮಾಡಿದಾಗಲೇ ಜಾಲರಿ ಹೋಯಿತು. ಅಂಥ ಫೋಟೋದ ಮೇಲೆ ಈ ಪರೀಕ್ಷೆ ಮಾಡಿ ‘ಅಸಂಗತತೆ ಕಂಡಿಲ್ಲ’ ಎಂದು ಬರೆದರೆ, ಅದು ಫೋಟೋದ ಬಗ್ಗೆ ಏನನ್ನೂ ಹೇಳುವುದಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿದ್ದರೆ ಮೂಲ ಫೈಲೇ ಬಂದಿರುತ್ತದೆ, ಅದು ಬೇರೆ ಮಾತು.

ಫೋನ್ ಕ್ಯಾಮೆರಾ ಇನ್ನೊಂದು ತಲೆನೋವು. ಒಂದು ಸಲ ಒತ್ತಿದರೂ ಒಳಗೆ ಹಲವು ಚಿತ್ರ ತೆಗೆದು ಸೇರಿಸುತ್ತದೆ, ಸದ್ದು ತೆಗೆಯುತ್ತದೆ, ಲೆನ್ಸಿನ ವಕ್ರತೆ ತಿದ್ದುತ್ತದೆ, ಜೂಮ್ ಮಾಡಿದ್ದರೆ ಹಿಗ್ಗಿಸುತ್ತದೆ. ಪೋರ್ಟ್ರೇಟ್ ಮೋಡ್‌ನಲ್ಲಂತೂ ಮನುಷ್ಯನನ್ನು ಬಿಟ್ಟು ಹಿಂದಿನದನ್ನೆಲ್ಲ ಫೋನೇ ಮಸುಕು ಮಾಡುತ್ತದೆ. ಅಂಥ ಅಸಲಿ ಫೋಟೋದ ನಕ್ಷೆ ತೆಗೆದರೆ ಮನುಷ್ಯನ ಮೇಲೆ ಜಾಲರಿ ಇದೆ, ಹಿನ್ನೆಲೆಯಲ್ಲಿ ಇಲ್ಲ, ಗಡಿ ಸರಿಯಾಗಿ ಅವನ ಮೈ ಅಂಚಿಗೇ ಬಿದ್ದಿದೆ ಎಂದು ಕಾಣಬಹುದು. ಥೇಟ್ ಕತ್ತರಿಸಿ ಅಂಟಿಸಿದ ಹಾಗೆ! ಏನೂ ಮಾಡದವರು ಇದರಿಂದ ಸಿಕ್ಕಿಹಾಕಿಕೊಳ್ಳಬಹುದು ಅನ್ನುವುದು ನನಗೆ ನಿಜವಾಗಿ ಆತಂಕದ ವಿಷಯ. ಅದೇ ಫೋನಿನಲ್ಲಿ, ಅದೇ ಮೋಡ್‌ನಲ್ಲಿ ತೆಗೆದ ಹೋಲಿಕೆ ಫೋಟೋ ಇಲ್ಲದೆ ಇಂಥ ನಕ್ಷೆಗೆ ಬೆಲೆ ಕೊಡಬಾರದು. ಎಲ್ಲ ಸೆನ್ಸರ್‌ಗಳಲ್ಲೂ ಬೇಯರ್ ಜೋಡಣೆಯೇ ಇರುವುದಿಲ್ಲ ಅನ್ನುವುದೂ ನೆನಪಿರಲಿ. ಈಚಿನ ಎಷ್ಟೋ ಫೋನುಗಳಲ್ಲಿ ಒಂದೇ ಬಣ್ಣದ ನಾಲ್ಕು ಚುಕ್ಕಿ ಗುಂಪಾಗಿರುತ್ತವೆ, ಫ್ಯೂಜಿಫಿಲ್ಮ್‌ನ ಎಕ್ಸ್-ಟ್ರಾನ್ಸ್ ಸೆನ್ಸರ್‌ನಲ್ಲಿ ಆರಕ್ಕೆ ಆರರ ಚೌಕ ಇದೆ. ಎರಡಕ್ಕೆ ಎರಡರ ಚೌಕ ಎಂದುಕೊಂಡು ಅವನ್ನು ಅಳೆದರೆ ಉತ್ತರ ದಾರಿ ತಪ್ಪುತ್ತದೆ.

ಬುದ್ಧಿವಂತ ಮೋಸಗಾರನಿಗೂ ದಾರಿ ಇದೆ. ಅಂಟಿಸಿದ ಮೇಲೆ ಇಡೀ ಚಿತ್ರಕ್ಕೆ ಹೊಸ ಜಾಲರಿ ಹಾಕಿಬಿಡಬಹುದು ಎಂದು ಕಿರ್ಚ್‌ನರ್ ಮತ್ತು ಬೋಮೆ 2009ರಲ್ಲೇ ತೋರಿಸಿದ್ದಾರೆ. ಅಷ್ಟೆಲ್ಲ ಬೇಡ, ಒಳ್ಳೆಯ ಪ್ರಿಂಟ್ ಹಾಕಿಸಿ ಅದನ್ನೇ ಮತ್ತೆ ಫೋಟೋ ಹೊಡೆದರೂ ಇಡೀ ಚಿತ್ರಕ್ಕೆ ಒಂದೇ ಹೊಸ ಜಾಲರಿ ಬಂದುಬಿಡುತ್ತದೆ.

## ಕೋರ್ಟಿನಲ್ಲಿ ಇದರ ಜಾಗ

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ತಜ್ಞರ ಅಭಿಪ್ರಾಯಕ್ಕೆ ಕಲಂ 39 ಇದೆ, ಹಿಂದಿನ ಕಾಯ್ದೆಯಲ್ಲಿ ಇದು 45 ಮತ್ತು 45ಎ ಆಗಿತ್ತು. ಎಲೆಕ್ಟ್ರಾನಿಕ್ ದಾಖಲೆ ಹಾಜರುಪಡಿಸಲು ಕಲಂ 63ರ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಬರೆಯಬೇಕು. ಸಿವಿಲ್ ದಾವೆಯಲ್ಲಿ ಫೋಟೋವನ್ನು ಪರೀಕ್ಷೆಗೆ ಕಳಿಸಿ ಎಂದು ಕೇಳಲು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 26, ನಿಯಮ 10ಎ ಇದೆ. ವಕೀಲರು ಐಎ, ಅಂದರೆ ಮಧ್ಯಂತರ ಅರ್ಜಿ, ಹಾಕುವುದು ಇದರ ಕೆಳಗೆ.

ತಜ್ಞರು ‘ನನ್ನ ಅಭಿಪ್ರಾಯ ಇದು’ ಎಂದರೆ ಸಾಕಾಗುವುದಿಲ್ಲ. ಆ ತೀರ್ಮಾನ ಸರಿಯೋ ಎಂದು ನ್ಯಾಯಾಧೀಶರೇ ಪರೀಕ್ಷಿಸಿ ನೋಡಲು ಬೇಕಾದ ವೈಜ್ಞಾನಿಕ ಆಧಾರವನ್ನು ಅವರು ಒದಗಿಸಬೇಕು ಎಂದು ಹಿಮಾಚಲ ಪ್ರದೇಶ ಸರ್ಕಾರ ಮತ್ತು ಜೈಲಾಲ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ಹಾಗಾಗಿ ಪಾಟೀಸವಾಲಿನಲ್ಲಿ ಕೇಳಬೇಕಾದದ್ದು ಬಣ್ಣದ ನಕ್ಷೆ ಚೆನ್ನಾಗಿದೆಯಾ ಅಂತ ಅಲ್ಲ. ಯಾವ ಫೈಲ್ ಪರೀಕ್ಷೆ ಮಾಡಿದಿರಿ, ಅದರ ಹ್ಯಾಶ್ ಪ್ರಮಾಣಪತ್ರದಲ್ಲಿರುವುದಕ್ಕೆ ಹೊಂದುತ್ತದೆಯಾ? ಅದೇ ಕ್ಯಾಮೆರಾದ ಹೋಲಿಕೆ ಫೋಟೋಗಳಲ್ಲಿ ಸಂಖ್ಯೆ ಎಷ್ಟು ಬಂತು? ವಿವಾದದ ಭಾಗದಲ್ಲಿ ಬಂದದ್ದು ಸೊನ್ನೆಯೋ ಮೈನಸ್ಸೋ? ಸೊನ್ನೆಯಾದರೆ, ಅದೇ ಬಿಸಿಲಿನ, ಅದೇ ಬಟ್ಟೆಯ ಬೇರೆ ಭಾಗಗಳಲ್ಲಿ ಎಷ್ಟಿದೆ? ‘ಬೇರೆ ಮೂಲ’ ಅಂದಿರಲ್ಲ, ಬೇರೆ ಕ್ಯಾಮೆರಾನೋ, ಅದೇ ಕ್ಯಾಮೆರಾದ ಬೇರೆ ಫೋಟೋನೋ, ಅದೇ ಫೋಟೋದ ಬೇರೆ ಜಾಗವೋ, ಯಾವುದನ್ನು ಯಾವ ಪರೀಕ್ಷೆಯಿಂದ ಕಂಡುಕೊಂಡಿರಿ?

ಇವಿಷ್ಟಕ್ಕೂ ಮೊದಲು ಫೈಲ್ ಕೈಗೆ ಸಿಗಬೇಕು. ಸ್ಟುಡಿಯೋದವರು ಮುಂದಿನ ಮದುವೆಗೆ ಹೊರಡುವ ಹೊತ್ತಿಗೆ ಕಾರ್ಡ್ ಖಾಲಿ ಮಾಡಿಬಿಡುತ್ತಾರೆ. ಫೋಟೋ ಬಗ್ಗೆ ಅನುಮಾನ ಬಂದ ದಿನವೇ ಕಾರ್ಡ್, ಕ್ಯಾಮೆರಾ, ಕಂಪ್ಯೂಟರ್‌ನಲ್ಲಿರುವ ಮೂಲ ಫೈಲ್ ಮೂರನ್ನೂ ಹಾಗೇ ಇಡುವಂತೆ ವಕೀಲರ ಮೂಲಕ ನೋಟಿಸ್ ಕೊಡಿ. ಅದೇ ಕಾರ್ಡ್‌ನಲ್ಲಿ ಆ ದಿನ ತೆಗೆದ ಬೇರೆ ಫೋಟೋಗಳಿದ್ದರೆ ಅವನ್ನೂ ಬಿಡಬೇಡಿ, ತಜ್ಞರಿಗೆ ಅದಕ್ಕಿಂತ ಒಳ್ಳೆಯ ಹೋಲಿಕೆ ಸಿಗುವುದಿಲ್ಲ.